ಮೊದಲು ನಕಲು, ಆಮೇಲೆ ಪಾಲು

ನಮಸ್ಕಾರ. ಒಂಬತ್ತನೇ ತರಗತಿಯ ಮಕ್ಕಳೇ, ಪೆನ್ನು ಕೆಳಗಿಡಿ. ಇವತ್ತಿನ ಪಾಠ ಕೋಶ ವಿಭಜನೆ, ಒಂದು ಕೋಶ ಎರಡಾಗುವ ಬಗೆ. ಬರೆದುಕೊಳ್ಳುವುದು ಬೇಡ, ಚಪ್ಪಾಳೆ ತಟ್ಟಿ ಹಾಡಿಕೊಂಡರೆ ಸಾಕು.

ಗಾತ್ರ ಬೆಳೆಸು, ಸೂತ್ರ ನಕಲು,
ಗಂಟು ಮೂಟೆ ಕಟ್ಟು.
ಪೊರೆಯ ಕಳಚು, ಮಧ್ಯೆ ನಿಲ್ಲು,
ಅತ್ತ ಇತ್ತ ಸರಿಯೊ ತಮ್ಮ,
ಟೆಂಟು ಎರಡು ಕಟ್ಟು.

ಮೊದಲ ಎರಡು ಸಾಲು ಇಂಟರ್‌ಫೇಸ್, ಅಂದರೆ ವಿಭಜನೆಗೆ ಮುಂಚಿನ ತಯಾರಿಯ ಕಾಲ. ಗಾತ್ರದ ಗ ಅಂದರೆ ಜಿ-ಒನ್, ಕೋಶ ಬೆಳೆಯುವ ಹೊತ್ತು. ಸೂತ್ರದ ಸ ಅಂದರೆ ಎಸ್, ಡಿಎನ್‌ಎ ನಕಲಾಗುವ ಹೊತ್ತು. ಗಂಟಿನ ಗ ಅಂದರೆ ಜಿ-ಟು, ವಿಭಜನೆಗೆ ಬೇಕಾದದ್ದನ್ನು ಹೊಂದಿಸಿಕೊಳ್ಳುವ ಹೊತ್ತು. ಗ, ಸ, ಗ. ಗಸಗಸೆ ಪಾಯಸ ನೆನೆಸಿಕೊಳ್ಳಿ, ಕೊನೆಯ ‘ಸೆ’ ನುಂಗಿಬಿಡಿ.

ಹಂತಗಳ ಇಂಗ್ಲಿಷ್ ಮೊದಲಕ್ಷರ ಪೋಣಿಸಿ ‘ಐಪಿಮ್ಯಾಟ್’ ಅಂತ ಉರು ಹೊಡೆದಿದ್ದೇವಲ್ಲ, ಸಾಲದೇ ಅನ್ನುತ್ತೀರಿ. ಸಾಲದು. ಅದರಲ್ಲಿ ಇಂಟರ್‌ಫೇಸ್‌ಗೆ ಸಿಕ್ಕಿರುವುದು ಬರೀ ಒಂದು ಅಕ್ಷರ. ಒಳಗಿನ ಮೂರು ಹಂತ ಮಾಯ!

ಒಮ್ಮೆ ಲ್ಯಾಬಿನಲ್ಲಿ ಈರುಳ್ಳಿ ಬೇರಿನ ತುದಿಯ ಸ್ಲೈಡ್ ಇಟ್ಟಿದ್ದೆ. ಒಬ್ಬಳು ಹುಡುಗಿ ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿದವಳೇ, “ಮೇಡಂ, ಸ್ಲೈಡ್ ಸರಿಯಿಲ್ಲ. ಹೆಚ್ಚುಕಡಿಮೆ ಎಲ್ಲಾ ಕೋಶ ಮಲಗಿವೆ” ಅಂದಳು. ಮಲಗಿಲ್ಲಮ್ಮ, ಅವು ಇಂಟರ್‌ಫೇಸಿನಲ್ಲಿವೆ ಅಂದೆ. ನಮ್ಮ ಕೋಶವೊಂದು ಎರಡಾಗಲು ಸುಮಾರು 24 ಗಂಟೆ ತೆಗೆದುಕೊಂಡರೆ, ಅದರಲ್ಲಿ ಮೈಟೋಸಿಸ್, ಅಂದರೆ ಪಾಲು ಮಾಡುವ ಕೆಲಸ, ಸುಮಾರು ಒಂದೇ ಗಂಟೆ. ಉಳಿದದ್ದೆಲ್ಲ ತಯಾರಿ. ಅವಳು ಬಿಡಲಿಲ್ಲ. “ನಕಲಾಗುವುದು ಮೈಟೋಸಿಸ್ ಶುರುವಾಗುವ ಪ್ರೋಫೇಸಿನಲ್ಲಿ ಅಲ್ವಾ?” ಅಂದಳು. ಇದೇ ನನಗೆ ತಲೆ ಕೆಡಿಸುವ ತಪ್ಪು. ವರ್ಷ ವರ್ಷ ಉತ್ತರ ಪತ್ರಿಕೆಯಲ್ಲಿ ನೋಡುತ್ತೇನೆ.

ಬೋರ್ಡಿನ ಮೇಲೆ ಲೆಕ್ಕ ಹಾಕಿದೆ. ಈರುಳ್ಳಿ ಕೋಶದಲ್ಲಿ ಡಿಎನ್‌ಎ ಹೊತ್ತ 16 ವರ್ಣತಂತು. ನಕಲು ಮಾಡದೆ ಪಾಲು ಮಾಡಿದರೆ ಮಗಳಿಗೆ 8, ಮೊಮ್ಮಗಳಿಗೆ 4, ಮರಿಮಗಳಿಗೆ 2. “ಆಮೇಲೆ ಈರುಳ್ಳಿಯೇ ಇರಲ್ಲ ಮೇಡಂ!” ಅಂದಳು. ಅಷ್ಟೇ ವಿಷಯ. ಎಸ್ ಹಂತದಲ್ಲಿ ಆ 16ರಲ್ಲಿ ಪ್ರತಿಯೊಂದೂ ಜೋಡಿ ಎಳೆಯಾಗುತ್ತದೆ. ಆಮೇಲೆ ಜೋಡಿ ಬಿಡಿಸಿದರೆ ಆ ಕಡೆ 16, ಈ ಕಡೆ 16. ಮೊದಲು ನಕಲು, ಆಮೇಲೆ ಪಾಲು.

ಅಯ್ಯೋ, ಗಾಜಿನಾಚೆಯಿಂದ ಸಮಯ ಆಯಿತು ಅಂತ ಸನ್ನೆ ಮಾಡುತ್ತಿದ್ದಾರೆ. ಬೇಗ ಬೇಗ ಹೇಳುತ್ತೇನೆ. ಪ, ಪ್ರೋಫೇಸ್: ಎಳೆಗಳು ಸುತ್ತಿಕೊಂಡು ದಪ್ಪಗಾಗುತ್ತವೆ, ಕೊನೆಗೆ ಕೋಶಕೇಂದ್ರದ ಪೊರೆ ಕಳಚುತ್ತದೆ. ಮ, ಮೆಟಾಫೇಸ್: ಮಧ್ಯದಲ್ಲಿ ಸಾಲಾಗಿ ನಿಲ್ಲುತ್ತವೆ. ಅ, ಅನಾಫೇಸ್: ಜೋಡಿ ಬಿಡಿಸಿಕೊಂಡು ಅತ್ತ ಇತ್ತ. ಟ, ಟೀಲೋಫೇಸ್: ಎರಡು ಕಡೆ ಹೊಸ ಪೊರೆ, ಅದೇ ಟೆಂಟು.

ಒಂದು ಮಾತ್ರ ಪದ್ಯದಲ್ಲಿ ಹಿಡಿಯಲಿಲ್ಲ. ಟೆಂಟು ಎರಡಾದ ಮಾತ್ರಕ್ಕೆ ಕೋಶ ಎರಡಾಗಲಿಲ್ಲ, ಅಂಗಳವೂ ಪಾಲಾಗಬೇಕು. ಈರುಳ್ಳಿಯಲ್ಲಿ ನಡುವೆ ಗೋಡೆ ಏಳುತ್ತದೆ. ನಮ್ಮ ಕೋಶದಲ್ಲಿ ಗೋಡೆಯಿಲ್ಲ. ಲಾಡಿ ಎಳೆದ ಹಾಗೆ ನಡು ಬಿಗಿದು ಎರಡಾಗುತ್ತದೆ.