ಚಿತ್ರದ ಹಿಂದೆ ಕೂತ ಅಕ್ಷರ: ಸ್ಕ್ಯಾನ್ ಪ್ರತಿಯನ್ನು ಹುಡುಕಬಲ್ಲ ಪಿಡಿಎಫ್ ಮಾಡುವುದು

ಎಲ್ಲರಿಗೂ ನಮಸ್ಕಾರ.

ಸ್ಕ್ಯಾನ್ ಮಾಡಿದ ಪಿಡಿಎಫ್ ತೆರೆದು ಒಂದು ಪದ ಹುಡುಕುತ್ತೀರಿ. ಪದ ಕಣ್ಣೆದುರಿಗೇ ಇರುತ್ತದೆ, ಆದರೂ ಸಿಗುವುದಿಲ್ಲ. ಕಾರಣ ಸರಳ. ಆ ಫೈಲಿನಲ್ಲಿ ಅಕ್ಷರಗಳೇ ಇಲ್ಲ, ಪುಟದ ಫೋಟೋ ಮಾತ್ರ ಇದೆ. ಓಸಿಆರ್ ತಂತ್ರಾಂಶ ಆ ಫೋಟೋ ನೋಡಿ ಅಕ್ಷರಗಳನ್ನು ಗುರುತಿಸುತ್ತದೆ. ಆಮೇಲೆ ಪ್ರತಿ ಪದವನ್ನೂ ಚಿತ್ರದಲ್ಲಿ ಅದು ಇರುವ ಜಾಗದಲ್ಲೇ, ಕಣ್ಣಿಗೆ ಕಾಣದ ಪಠ್ಯವಾಗಿ ಇಡುತ್ತದೆ. ನೀವು ನೋಡುವುದು ಚಿತ್ರವನ್ನು, ಕಂಪ್ಯೂಟರ್ ಹುಡುಕುವುದು ಆ ಕಾಣದ ಪಠ್ಯವನ್ನು.

ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಈ ಒಂದು ಸಂಗತಿಯಿಂದಲೇ ಬರುತ್ತದೆ. ಪಠ್ಯ ಕಾಣುವುದಿಲ್ಲವಾದ್ದರಿಂದ ಅದರ ತಪ್ಪುಗಳೂ ಕಾಣುವುದಿಲ್ಲ. ಓಸಿಆರ್ ಪೂರ್ತಿ ಕೆಟ್ಟಿದ್ದರೂ ಪುಟ ಮೊದಲಿನಷ್ಟೇ ಚೆನ್ನಾಗಿ ಕಾಣುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಸಂಘದ 60 ಪುಟಗಳ ಹಳೆಯ ವಾರ್ಷಿಕ ವರದಿ. ಕನ್ನಡದಲ್ಲಿ ಅಚ್ಚಾಗಿದೆ, ನಡುನಡುವೆ ಇಂಗ್ಲಿಷ್ ಹೆಸರುಗಳಿವೆ. ಕೆಲವು ಪುಟ ಅಡ್ಡ ತಿರುಗಿವೆ, ಕೆಲವು ಸ್ವಲ್ಪ ವಾಲಿವೆ. ನಾನು ಬಳಸುವುದು ಉಚಿತವಾಗಿ ಸಿಗುವ `ocrmypdf` ಎಂಬ ತಂತ್ರಾಂಶ. ಟರ್ಮಿನಲ್‌ನಲ್ಲಿ ಆಜ್ಞೆ ಟೈಪ್ ಮಾಡಿ ಇದನ್ನು ನಡೆಸಬೇಕು. ಇದರೊಳಗೆ ಅಕ್ಷರ ಗುರುತಿಸುವ ಕೆಲಸ ಟೆಸರಾಕ್ಟ್‌ನದು. ಟೆಸರಾಕ್ಟ್ 1980ರ ದಶಕದಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯಲ್ಲಿ ಹುಟ್ಟಿತು, 2005ರಲ್ಲಿ ಅದರ ಮೂಲ ಕೋಡ್ ಎಲ್ಲರಿಗೂ ಮುಕ್ತವಾಯಿತು.

ಓಸಿಆರ್‌ಗೆ ಮುಂಚೆ ಚಿತ್ರ ಎಷ್ಟು ಸ್ಪಷ್ಟವಾಗಿದೆ ಅಂತ ನೋಡಬೇಕು. ಅದಕ್ಕೆ `pdfimages` ಎಂಬ ಇನ್ನೊಂದು ತಂತ್ರಾಂಶ ಇದೆ.

```
pdfimages -list varadi.pdf
```

ಇದು ಕೊಡುವ ಪಟ್ಟಿಯಲ್ಲಿ `x-ppi` ಎಂಬ ಕಾಲಂ ಇದೆ. ಒಂದು ಅಂಗುಲಕ್ಕೆ ಎಷ್ಟು ಚುಕ್ಕೆ ಎಂಬ ಲೆಕ್ಕ ಅದು. ನಮ್ಮ ವರದಿಗೆ 150 ಎಂದು ಬಂತು ಅನ್ನಿ. ಅಲ್ಲಿಗೆ ನಿಲ್ಲಿಸಿ, ಕಾಗದ ಕೈಯಲ್ಲಿದ್ದರೆ 300ರಲ್ಲಿ ಮತ್ತೆ ಸ್ಕ್ಯಾನ್ ಮಾಡಿ. 10 ಪಾಯಿಂಟ್ ಅಕ್ಷರಕ್ಕೆ 150ರಲ್ಲಿ ಸಿಗುವ ಎತ್ತರ ಸುಮಾರು 21 ಚುಕ್ಕೆ. ಕನ್ನಡದಲ್ಲಿ ಅಷ್ಟರೊಳಗೇ ಮೂಲ ಅಕ್ಷರ, ಮೇಲಿನ ಗುಡಿಸು, ಕೆಳಗಿನ ಒತ್ತಕ್ಷರ ಎಲ್ಲವೂ ಹಿಡಿಯಬೇಕು. ಒತ್ತಕ್ಷರದ ಪಾಲಿಗೆ ಬರುವುದು ಬೆರಳೆಣಿಕೆಯ ಚುಕ್ಕೆಗಳು. 300ರಲ್ಲಿ ಆ ಎತ್ತರ 42 ಚುಕ್ಕೆಯಾಗುತ್ತದೆ. ಸಣ್ಣ ಚಿತ್ರವನ್ನು ಕಂಪ್ಯೂಟರಿನಲ್ಲಿ ಸುಮ್ನೆ ದೊಡ್ಡದು ಮಾಡಿದರೆ ಕಳೆದುಹೋದ ವಿವರ ವಾಪಸ್ ಬರುವುದಿಲ್ಲ. ಹಾಗಂತ 600ಕ್ಕೆ ಏರಿಸಿದರೂ ಸಾಮಾನ್ಯ ಗಾತ್ರದ ಅಚ್ಚಿಗೆ ಹೆಚ್ಚಿನ ಲಾಭವಿಲ್ಲ. ಫೈಲ್ ದಪ್ಪವಾಗುತ್ತದೆ, ಸಮಯ ಜಾಸ್ತಿ ಹಿಡಿಯುತ್ತದೆ.

ಮತ್ತೆ ಸ್ಕ್ಯಾನ್ ಆದ ಮೇಲೆ ಈ ಆಜ್ಞೆ:

```
ocrmypdf -l kan+eng --rotate-pages --deskew \
  --sidecar varadi.txt varadi.pdf varadi-ocr.pdf
```

`--rotate-pages` ಅಡ್ಡ ತಿರುಗಿದ ಪುಟವನ್ನು ನೆಟ್ಟಗೆ ಮಾಡುತ್ತದೆ. ನಾಲ್ಕೇ ಪದ ಇರುವ ಪುಟದಲ್ಲಿ ಅದಕ್ಕೆ ದಿಕ್ಕು ಖಾತ್ರಿಯಾಗದೆ ಹಾಗೇ ಬಿಟ್ಟುಬಿಡಬಹುದು. `--deskew` ವಾಲಿದ ಸಾಲುಗಳನ್ನು ಸರಿಮಾಡುತ್ತದೆ. `--sidecar` ಗುರುತಿಸಿದ ಪಠ್ಯವನ್ನೆಲ್ಲ ಬೇರೊಂದು ಫೈಲಿಗೂ ಬರೆಯುತ್ತದೆ. ಅದರ ಉಪಯೋಗ ಆಮೇಲೆ ಗೊತ್ತಾಗುತ್ತದೆ.

ಇದರಲ್ಲಿ ಅತಿ ಮುಖ್ಯವಾದದ್ದು `-l kan+eng`. ಭಾಷೆ ಹೇಳದಿದ್ದರೆ ತಂತ್ರಾಂಶ ಸಾಮಾನ್ಯವಾಗಿ ಇಂಗ್ಲಿಷ್ ಅಂದುಕೊಳ್ಳುತ್ತದೆ. ಆಗ ಕನ್ನಡದ ಪ್ರತಿ ಅಕ್ಷರಕ್ಕೂ ಹೋಲುವ ಇಂಗ್ಲಿಷ್ ಅಕ್ಷರ ಹುಡುಕಿ, ಅರ್ಥವಿಲ್ಲದ ಸಾಲುಗಳನ್ನು ತುಂಬಿಬಿಡುತ್ತದೆ. ಕೆಲಸ ನಿಲ್ಲುವುದಿಲ್ಲ, 60 ಪುಟವೂ ಮುಗಿಯುತ್ತದೆ, ಪಿಡಿಎಫ್ ನೋಡಲು ಚೆನ್ನಾಗಿಯೇ ಇರುತ್ತದೆ. ಒಂದೇ ಒಂದು ಕನ್ನಡ ಪದವೂ ಹುಡುಕಿದರೆ ಸಿಗುವುದಿಲ್ಲ. ಹಾಗಾಗಿ ಮೊದಲು `tesseract --list-langs` ಕೊಟ್ಟು, ಪಟ್ಟಿಯಲ್ಲಿ `kan` ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಕನ್ನಡದ ಕಡತವನ್ನು ಬೇರೆಯಾಗಿ ಹಾಕಿಕೊಳ್ಳಬೇಕು.

ಒಮ್ಮೊಮ್ಮೆ, ಪುಟದಲ್ಲಿ ಆಗಲೇ ಪಠ್ಯವಿದೆ ಎಂದು ಹೇಳಿ `ocrmypdf` ನಿಂತುಬಿಡುತ್ತದೆ. ಸ್ಕ್ಯಾನರ್ ತಾನೇ ಒಂದು ಕೆಟ್ಟ ಓಸಿಆರ್ ಮಾಡಿಟ್ಟಿರಬಹುದು. ಆಗ ಅದೇ ಸೂಚಿಸುವ `--force-ocr` ಹಾಕಲು ಕೈ ಹೋಗುತ್ತದೆ, ಅಲ್ವಾ? ಅದು ಇಡೀ ಪುಟವನ್ನು ಹೊಸದಾಗಿ ಚಿತ್ರ ಮಾಡಿಬಿಡುತ್ತದೆ. ನಿಜವಾದ ಅಕ್ಷರಗಳಿದ್ದ ಪುಟವೂ ಫೋಟೋ ಆಗಿಬಿಡುತ್ತದೆ. ಹಳೆಯ ಕಾಣದ ಪಠ್ಯವನ್ನು ಮಾತ್ರ ತೆಗೆದು ಹೊಸದನ್ನು ಹಾಕಬೇಕಿದ್ದರೆ `--redo-ocr` ಸರಿ. ಆದರೆ ಅದರ ಜೊತೆ `--deskew` ಕೊಡಲಾಗುವುದಿಲ್ಲ.

ಈಗ ಪರೀಕ್ಷೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಜನ ಬಿಟ್ಟುಬಿಡುವ ಭಾಗ ಇದೇ. `varadi.txt` ತೆರೆಯಿರಿ. ಶುರುವಿನಿಂದ, ನಡುವಿನಿಂದ, ಕೊನೆಯಿಂದ ಒಂದೊಂದು ಪುಟ ಆರಿಸಿ, ಚಿತ್ರದ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಓದಿ. ಅತಿ ಮಸುಕಾದ ಪುಟವನ್ನೂ ಸೇರಿಸಿಕೊಳ್ಳಿ. ನೂರಕ್ಕೆ 99 ಅಕ್ಷರ ಸರಿ ಅಂದರೆ ಕೇಳಲು ಚೆನ್ನಾಗಿದೆ. ಆದರೆ 2000 ಅಕ್ಷರದ ಪುಟದಲ್ಲಿ ಅದು 20 ತಪ್ಪು. ಒಂದೊಂದು ತಪ್ಪು ಒಂದೊಂದು ಪದದಲ್ಲಿದ್ದರೆ ಆ ಪುಟದ 20 ಪದಗಳು ಹುಡುಕಿದರೂ ಸಿಗುವುದಿಲ್ಲ.

ಕನ್ನಡದಲ್ಲಿ ಕಣ್ಣಿಡಬೇಕಾದ ಜಾಗಗಳಿವೆ. ಪ ಮತ್ತು ವ, ದ ಮತ್ತು ಧ ಒಂದು ಸಣ್ಣ ಗೆರೆ ಮಾಸಿದರೆ ಅದಲುಬದಲಾಗುತ್ತವೆ. ಇನ್ನೊಂದು ಇನ್ನೂ ಕಷ್ಟದ್ದು. ಅನುಸ್ವಾರ ಮತ್ತು ಕನ್ನಡದ ಸೊನ್ನೆ ಎರಡೂ ದುಂಡಗೆ ಒಂದೇ ಥರ ಇವೆ, ಕಂಪ್ಯೂಟರಿಗೆ ಮಾತ್ರ ಅವು ಬೇರೆ ಬೇರೆ. "ಸಂಘ" ಎಂಬಲ್ಲಿ ಸೊನ್ನೆ ಬಂದು "ಸ೦ಘ" ಆಗಿದ್ದರೆ ಓದುವಾಗ ಗೊತ್ತೇ ಆಗುವುದಿಲ್ಲ, ಹುಡುಕಿದಾಗ ಸಿಗುವುದಿಲ್ಲ. ಅದಕ್ಕೇ ಪಠ್ಯದ ಫೈಲಿನಲ್ಲಿ ೦ ಎಂಬ ಸೊನ್ನೆಯನ್ನೇ ಹುಡುಕಿ ನೋಡಿ. ಅಂಕಿಗಳ ನಡುವೆ ಅಲ್ಲದೆ ಅಕ್ಷರಗಳ ನಡುವೆ ಸಿಕ್ಕರೆ ಅದು ತಪ್ಪು.

ಹುಡುಕುವ ರೀತಿಯನ್ನೂ ಸ್ವಲ್ಪ ಬದಲಿಸಬೇಕು. ಅಚ್ಚಿನಲ್ಲಿ ಉದ್ದದ ಪದಗಳು ಸಾಲಿನ ಕೊನೆಯಲ್ಲಿ ಮುರಿದಿರುತ್ತವೆ, ಆ ಎರಡು ತುಂಡುಗಳು ಎಷ್ಟೋ ಸಲ ಬೇರೆ ಬೇರೆ ಪದಗಳಾಗಿಯೇ ಉಳಿಯುತ್ತವೆ. "ಮಂಜೂರಾಯಿತು" ಎಂದು ಪೂರ್ತಿ ಕೊಡುವ ಬದಲು "ಮಂಜೂರ" ಎಂದಷ್ಟೇ ಕೊಡಿ. ಮಂಜೂರು, ಮಂಜೂರಾತಿ, ಮಂಜೂರಾದ ಎಲ್ಲವೂ ಬರುತ್ತವೆ, ಮುರಿದದ್ದೂ ಸಿಗುವ ಸಾಧ್ಯತೆ ಹೆಚ್ಚು.

ಲೆಕ್ಕಪತ್ರದ ಪುಟಗಳ ವಿಷಯ ಬೇರೆ. ಪದ ತಪ್ಪಾದರೆ ಓದುವವರಿಗೆ ಅನುಮಾನ ಬರುತ್ತದೆ. 3 ಇದ್ದದ್ದು 8 ಆದರೆ ಯಾರಿಗೂ ಬರುವುದಿಲ್ಲ. ಕೋಷ್ಟಕದಲ್ಲಿ ಸಾಲು ಕಾಲಂಗಳ ಕ್ರಮವೂ ಕಲಸಿಹೋಗಬಹುದು. ಹಾಗಾಗಿ ಓಸಿಆರ್ ಪಠ್ಯವನ್ನು ಪುಟ ಹುಡುಕಲು ಬಳಸಿ, ಮೊತ್ತವನ್ನು ಚಿತ್ರ ನೋಡಿಯೇ ಬರೆದುಕೊಳ್ಳಿ.

ಅದಕ್ಕಾಗಿ ಚಿತ್ರ ನಂಬುವಂತಿರಬೇಕು. 2013ರಲ್ಲಿ ಡೇವಿಡ್ ಕ್ರೀಸೆಲ್ ಎಂಬ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಒಂದು ಸಂಗತಿ ತೋರಿಸಿಕೊಟ್ಟರು. ಜೆರಾಕ್ಸ್ ಕಂಪನಿಯ ಕೆಲವು ಯಂತ್ರಗಳು ಸ್ಕ್ಯಾನ್ ಮಾಡುವಾಗ ಚಿತ್ರದಲ್ಲೇ ಅಂಕಿ ಬದಲಿಸುತ್ತಿದ್ದವು, 6 ಇದ್ದಲ್ಲಿ 8 ಬರುತ್ತಿತ್ತು. ಇದು ಓಸಿಆರ್ ಮಾಡಿದ ತಪ್ಪಲ್ಲ. ಫೈಲ್ ಚಿಕ್ಕದು ಮಾಡಲು, ಹೋಲುವ ಆಕಾರಗಳಿಗೆಲ್ಲ ಒಂದೇ ತುಣುಕನ್ನು ಬಳಸುವ ಕುಗ್ಗಿಸುವ ವಿಧಾನದಿಂದ ಆದದ್ದು. ಸ್ಕ್ಯಾನರಿನಲ್ಲಿ ಗುಣಮಟ್ಟ ತೀರಾ ಕಡಿಮೆ ಮಾಡುವ ಆಯ್ಕೆಗಳನ್ನು ನಾನು ಮುಟ್ಟದಿರುವುದು ಇದಕ್ಕೇ.

ಕೈಬರಹಕ್ಕೆ ಈ ದಾರಿ ಆಗುವುದಿಲ್ಲ. ಟೆಸರಾಕ್ಟ್ ಕಲಿತಿರುವುದು ಅಚ್ಚಿನ ಅಕ್ಷರ. ವರದಿಯ ಅಂಚಿನಲ್ಲಿ ಯಾರೋ ಪೆನ್ನಿನಲ್ಲಿ ಬರೆದ ಟಿಪ್ಪಣಿ, ಸಹಿಯ ಮೇಲಿನ ಮೊಹರು, ಇವೆಲ್ಲ ಏನೇನೋ ಆಗಿ ಬರುತ್ತವೆ. ಅಂಥವುಗಳ ಪುಟಸಂಖ್ಯೆ ಮತ್ತು ವಿಷಯವನ್ನು ಒಂದು ಪಟ್ಟಿಯಲ್ಲಿ ಟೈಪ್ ಮಾಡಿ, ಪಿಡಿಎಫ್‌ಗೆ ಒಂದು ಪುಟವಾಗಿ ಸೇರಿಸಿಬಿಡಿ. ಹುಡುಕಿದರೆ ಆ ಪಟ್ಟಿ ಸಿಗುತ್ತದೆ, ಅದರಿಂದ ಪುಟ ಸಿಗುತ್ತದೆ.