ಕಾರ್ ಲೋನ್: ಸ್ಟೆಪ್-ಅಪ್, ಬಲೂನ್ ಕಂತುಗಳು ಯಾರಿಗೆ ಸರಿ?

(ತೆರೆಯ ಮೇಲೆ: ಸಾಲ 8 ಲಕ್ಷ, ಬಡ್ಡಿ ಶೇ. 9, ಅವಧಿ 5 ವರ್ಷ)

ನಮಸ್ಕಾರ. 8 ಲಕ್ಷದ ಕಾರ್ ಲೋನಿಗೆ ಮಾಮೂಲಿ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 16,607 ರೂಪಾಯಿ ಕಂತು ಬರುತ್ತೆ. ಅಷ್ಟು ಕಟ್ಟೋಕಾಗಲ್ಲ ಅಂದವರ ಮುಂದೆ ಇಡೋ ಎರಡು ದಾರಿ ಸ್ಟೆಪ್-ಅಪ್ ಮತ್ತು ಬಲೂನ್. ಎರಡರಲ್ಲೂ ಮೊದಲ ಕಂತು 14 ಸಾವಿರದ ಒಳಗೆ ಇಳಿಯುತ್ತೆ. ಹಾಗೆ ಕಮ್ಮಿಯಾದ ಹಣ ಮುಂದೆ ಎಲ್ಲಿ ಬಂದು ಕೂರುತ್ತೆ ಅಂತ ನೋಡೋಣ.

ಸ್ಟೆಪ್-ಅಪ್‌ನಲ್ಲಿ ಕಂತು ವರ್ಷ ವರ್ಷ ಏರುತ್ತೆ. ವರ್ಷಕ್ಕೆ ಶೇ. 10 ಏರಿಕೆ ಅಂತಿಟ್ಟರೆ ಮೊದಲ ವರ್ಷ 13,835, ಐದನೇ ವರ್ಷ 20,255. ಒಟ್ಟು ಬಡ್ಡಿ ಮಾಮೂಲಿ ಸಾಲಕ್ಕಿಂತ ಸುಮಾರು 17 ಸಾವಿರ ಜಾಸ್ತಿ. ಸಂಬಳ ಏರೋದು ಗಟ್ಟಿಯಿರುವ, ಈಗಷ್ಟೇ ಕೆಲಸಕ್ಕೆ ಸೇರಿದವರಿಗೆ ಇದು ಒಪ್ಪುತ್ತೆ. ಆದರೆ ಇನ್‌ಕ್ರಿಮೆಂಟು ಶೇ. 5 ಮಾತ್ರ ಬರೋ ಕೆಲಸದಲ್ಲಿ ಶೇ. 10 ಏರೋ ಕಂತು ಬೇಡ. ಮೂರನೇ ವರ್ಷದಿಂದಲೇ ಕೈ ಕಟ್ಟಿಹಾಕುತ್ತೆ.

(ತೆರೆಯ ಮೇಲೆ: 13,955 × 60, ಕೊನೆಗೆ 2,00,000)

ಬಲೂನ್‌ನಲ್ಲಿ ಸಾಲದ ಒಂದು ಪಾಲನ್ನ ಕೊನೆಗೆ ತಳ್ಳಿರ್ತಾರೆ. ಕಾಲುಭಾಗ ತಳ್ಳಿದರೆ ಕಂತು 13,955. ಅರವತ್ತನೇ ತಿಂಗಳು ಅದರ ಜೊತೆಗೆ 2 ಲಕ್ಷ ಒಂದೇ ಸಲ ಕಟ್ಟಬೇಕು. ಆ 2 ಲಕ್ಷದ ಅಸಲು ಐದು ವರ್ಷವೂ ಕರಗದೆ ಬಡ್ಡಿ ತಿನ್ನುತ್ತಲೇ ಇರುತ್ತೆ. ಹಾಗಾಗಿ ಹೆಚ್ಚುವರಿ ಬಡ್ಡಿ ಸುಮಾರು 41 ಸಾವಿರ. ಮೊದಲ ಕಂತು ಹೆಚ್ಚುಕಮ್ಮಿ ಒಂದೇ ಇದ್ದರೂ ಸ್ಟೆಪ್-ಅಪ್‌ಗಿಂತ ಎರಡು ಪಟ್ಟಿಗೂ ಮೇಲೆ!

"ಕೊನೆಗೆ ಕಾರು ಮಾರಿ ಕಟ್ಟಿಬಿಡ್ತೀನಿ" ಅನ್ನೋರು ತುಂಬ ಜನ. ಇಲ್ಲೇ ತೊಡಕಿರೋದು. ಸಾಲ ತೀರೋವರೆಗೂ ಆರ್‌ಸಿಯಲ್ಲಿ ಬ್ಯಾಂಕಿನ ಹೈಪಾಥಿಕೇಶನ್, ಅಂದರೆ ಕಾರು ಬ್ಯಾಂಕಿಗೆ ಅಡವಿದೆ ಅನ್ನೋ ನಮೂದು ಇರುತ್ತೆ. ಬ್ಯಾಂಕು ಎನ್‌ಒಸಿ ಮತ್ತು ಫಾರಂ 35 ಕೊಟ್ಟ ಮೇಲೆ ಆರ್‌ಟಿಒದಲ್ಲಿ ಅದನ್ನ ತೆಗೆಸಬೇಕು. ಅಂದರೆ 2 ಲಕ್ಷ ಮೊದಲು, ಕಾರು ಕೈಬದಲಾಗೋದು ಆಮೇಲೆ. ಕೊಳ್ಳುವವರು ನೇರ ಬ್ಯಾಂಕಿಗೇ ದುಡ್ಡು ಕಟ್ಟೋಕೆ ಒಪ್ಪಬೇಕು, ಇಲ್ಲವೇ ನೀವೇ ಹೊಂದಿಸಬೇಕು. ಅವಸರದಲ್ಲಿ ಮಾರೋ ಕಾರಿಗೆ ಬೆಲೆಯೂ ಕಮ್ಮಿ ಸಿಗುತ್ತೆ.

ಅದಕ್ಕೇ ನನ್ನ ಪ್ರಕಾರ, ಆ ಹೊತ್ತಿಗೆ ಕೈಗೆ ಬರೋ ಹಣ ಈಗಲೇ ಕಣ್ಣಿಗೆ ಕಾಣುವಂತಿದ್ದರೆ ಮಾತ್ರ ಬಲೂನ್ ತಗೊಳ್ಳಿ. ಅದೇ ವರ್ಷ ಮೆಚ್ಯೂರ್ ಆಗೋ ಎಲ್‌ಐಸಿ ಪಾಲಿಸಿ ಇರಬಹುದು, ಫಿಕ್ಸೆಡ್ ಡೆಪಾಸಿಟ್ ಇರಬಹುದು. ಸಿಕ್ಕೇ ಸಿಗುತ್ತೆ ಅಂತ ನಂಬಿರೋ ಬೋನಸ್ಸು ಈ ಲೆಕ್ಕಕ್ಕೆ ಬರಲ್ಲ.

ಸಹಿ ಹಾಕೋ ಮೊದಲು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್, ಅಂದರೆ ಸಾಲದ ಬಡ್ಡಿ, ಶುಲ್ಕ, ಷರತ್ತುಗಳನ್ನ ಒಂದೆಡೆ ಹೇಳೋ ಕಾಗದ ಕೇಳಿ ಪಡೀರಿ. ಆರ್‌ಬಿಐ ನಿಯಮದಂತೆ 2024ರ ಅಕ್ಟೋಬರ್‌ನಿಂದ ಹೊಸ ರಿಟೇಲ್ ಸಾಲಗಳಿಗೆ ಅದನ್ನ ಕೊಡಲೇಬೇಕು. ಅದರ ಜೊತೆಗಿರೋ ಮರುಪಾವತಿ ಪಟ್ಟಿಯಲ್ಲಿ ನೇರ ಕೊನೇ ಸಾಲಿಗೆ ಹೋಗಿ. ಅಲ್ಲಿ ದೊಡ್ಡ ಮೊತ್ತ ಕಂಡರೆ ಅದು ಬಲೂನ್. ನಡುವೆಯೇ ಸಾಲ ತೀರಿಸಿದರೆ ಎಷ್ಟು ಶುಲ್ಕ ಅನ್ನೋದನ್ನೂ ಅದೇ ಕಾಗದದಲ್ಲಿ ಓದಿಕೊಳ್ಳಿ.