ತಣ್ಣನೆ ತಟ್ಟೆಯ ಮೇಲೆ ಒಂದು ಚಮಚ ಜಾಮ್

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಹಣ್ಣಿನ ಜಾಮ್ ಮಾಡುವವರಿಗೆಲ್ಲ ಒಲೆಯ ಮುಂದೆ ಒಂದೇ ಗೊಂದಲ. ಈಗ ಇಳಿಸಿಬಿಡಲಾ, ಇನ್ನೂ ಸ್ವಲ್ಪ ಹೊತ್ತು ಕುದಿಸಲಾ? ಪಾತ್ರೆಯೊಳಗೆ ನೋಡಿದರೆ ಉತ್ತರ ಸಿಗುವುದಿಲ್ಲ. ಕುದಿಯುವಾಗ ಒಳ್ಳೆಯ ಜಾಮ್ ಕೂಡ ತೆಳ್ಳಗೇ ಇರುತ್ತದೆ. ಅದು ಗಟ್ಟಿಯಾಗುವುದು ಆರಿದ ಮೇಲೆ.

ನಾನು ಮೊದಲ ಸಲ ಸ್ಟ್ರಾಬೆರಿ ಜಾಮ್ ಮಾಡಿದಾಗ, ಸಾಕಾಯಿತು ಅಂತ ಬಾಟಲಿಗೆ ತುಂಬಿಸಿದೆ. ಮಾರನೆಯ ದಿನ ಬಾಟಲಿ ಓರೆ ಮಾಡಿದರೆ ಶರಬತ್ತಿನ ಹಾಗೆ ಹರಿಯಿತು. ಮತ್ತೆ ಪಾತ್ರೆಗೆ ಸುರಿದು ಅರ್ಧ ಗಂಟೆ ಕುದಿಸಿದೆ. ಆ ಚಂದದ ಕೆಂಪು ಹೋಗಿ ಕಂದು ಬಣ್ಣ ಬಂತು. ಆರಿದ ಮೇಲೆ ನೋಡಿದರೆ ಬೆಲ್ಲದ ಪಾಕದ ಹಾಗೆ ಎಳೆ ಎಳೆಯಾಗಿ ಅಂಟುತ್ತಿತ್ತು, ಜಾಮ್ ಆಗಿರಲಿಲ್ಲ. ಎಲ್ಲಿ ತಪ್ಪಿತು ಅಂತ ತಿಳಿಯಲು ನನಗೆ ತುಂಬಾ ದಿನ ಬೇಕಾಯಿತು. ಅದನ್ನೇ ಇವತ್ತು ಹೇಳುತ್ತೇನೆ.

ಹಣ್ಣಿನಲ್ಲಿ ಪೆಕ್ಟಿನ್ ಅಂತ ಒಂದು ಅಂಟಿನ ಪದಾರ್ಥ ಇದೆ. ಉದ್ದುದ್ದ ದಾರಗಳ ಹಾಗೆ ಅಂದುಕೊಳ್ಳಿ. ಈ ದಾರಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾದರೆ ರಸ ಆ ಬಲೆಯೊಳಗೆ ನಿಲ್ಲುತ್ತದೆ. ಅದೇ ಜಾಮ್. ಆದರೆ ಅವು ಸುಮ್ನೆ ಹೆಣೆದುಕೊಳ್ಳುವುದಿಲ್ಲ. ಎರಡು ಅಡ್ಡಿಗಳಿವೆ. ಒಂದು, ಪ್ರತಿ ದಾರವೂ ಮೈತುಂಬಾ ನೀರು ಹಿಡಿದುಕೊಂಡಿರುತ್ತದೆ. ಸಕ್ಕರೆ ಆ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಎರಡು, ದಾರಗಳ ಮೇಲೆ ಒಂದೇ ಬಗೆಯ ವಿದ್ಯುತ್ ಇರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ಹುಳಿ ಸೇರಿದರೆ ಆ ತಳ್ಳಾಟ ತಗ್ಗುತ್ತದೆ. ಆಗ ಆರುತ್ತಾ ಆರುತ್ತಾ ಬಲೆ ಕೂಡುತ್ತದೆ.

ಸಕ್ಕರೆ ಎಷ್ಟಿರಬೇಕು? ಮುಗಿದ ಜಾಮಿನಲ್ಲಿ ನೂರಕ್ಕೆ ಸುಮಾರು 65 ಪಾಲು, ಹಣ್ಣಿನ ಸಕ್ಕರೆಯೂ ಸೇರಿ. ಹುಳಿಯ ಅಳತೆ ಪಿಎಚ್ 3ರ ಆಸುಪಾಸು. ಈ ಅಂಕಿ ಇಳಿದಷ್ಟೂ ಹುಳಿ ಜಾಸ್ತಿ ಅಂತ ಅರ್ಥ. 3.5ಕ್ಕಿಂತ ಮೇಲಿದ್ದರೆ ಬಲೆ ಕೂಡುವುದು ಕಷ್ಟ. ಹಾಗಂತ ಹುಳಿ ತೀರಾ ಜಾಸ್ತಿಯಾದರೂ ಬಲೆ ಬಿಗಿದುಕೊಂಡು ಬಾಟಲಿಯಲ್ಲಿ ನೀರು ಬಿಡುತ್ತದೆ.

ಸ್ಟ್ರಾಬೆರಿಯಲ್ಲಿ ಪೆಕ್ಟಿನ್ ಕಡಿಮೆ. ಚೆನ್ನಾಗಿ ಕಳಿತ ಹಣ್ಣಾದರೆ ಇನ್ನೂ ಕಡಿಮೆ. ಹುಳಿ ಸೇಬಿನಲ್ಲಿ, ನಿಂಬೆಯ ಬೀಜ ಮತ್ತು ಬಿಳಿ ಸಿಪ್ಪೆಯಲ್ಲಿ ಅದು ಧಾರಾಳವಾಗಿದೆ. ಹಾಗಾಗಿ ನಾನೀಗ ಒಂದು ಕಿಲೋ ಸ್ಟ್ರಾಬೆರಿಗೆ 200 ಗ್ರಾಂ ತುರಿದ ಹುಳಿ ಸೇಬು ಸೇರಿಸುತ್ತೇನೆ. ಎರಡು ದೊಡ್ಡ ಚಮಚ ನಿಂಬೆರಸ ಹಾಕುತ್ತೇನೆ. ಅದರ ಬೀಜಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಪಾತ್ರೆಯೊಳಗೆ ಬಿಡುತ್ತೇನೆ. ಸಕ್ಕರೆ ಇಲ್ಲದೆ ಹಣ್ಣು ಮೆತ್ತಗಾಗುವವರೆಗೆ ಬೇಯಿಸಿ, ಗಂಟನ್ನು ಹಿಂಡಿ ತೆಗೆದು, ಆಮೇಲೆ 750 ಗ್ರಾಂ ಸಕ್ಕರೆ. ಸಕ್ಕರೆ ಪೂರ್ತಿ ಕರಗಿದ ಮೇಲೆ ಉರಿ ಜೋರು ಮಾಡಬೇಕು.

ಈಗ ಆ ಹಳೆಯ ಗೊಂದಲಕ್ಕೆ ಬರೋಣ. ಅದರಲ್ಲಿ ನಿಜವಾಗಿ ಎರಡು ಪ್ರಶ್ನೆ ಅಡಗಿವೆ. ನೀರು ಸಾಕಷ್ಟು ಹೋಗಿದೆಯಾ? ಬಲೆ ಕೂಡುತ್ತದೆಯಾ? ಎರಡಕ್ಕೂ ಬೇರೆ ಬೇರೆ ಪರೀಕ್ಷೆ ಇದೆ. ನಾನು ಮೊದಲು ಇವೆರಡನ್ನೂ ಒಂದೇ ಅಂದುಕೊಂಡಿದ್ದೆ.

ನೀರಿನ ಪ್ರಶ್ನೆಗೆ ತೂಕವೇ ನಂಬಿಕೆಯ ಉತ್ತರ. ಲೆಕ್ಕ ಹೇಳುತ್ತೇನೆ, ಸುಲಭ ಇದೆ. ನಾವು ಹಾಕಿದ ಸಕ್ಕರೆ 750 ಗ್ರಾಂ. ಹಣ್ಣುಗಳಲ್ಲಿ ನೀರು ಬಿಟ್ಟು ಉಳಿಯುವ ಪದಾರ್ಥ ಸುಮಾರು 100 ಗ್ರಾಂ. ಒಟ್ಟು 850. ಇದು ನೂರಕ್ಕೆ 65 ಪಾಲು ಆಗಬೇಕಾದರೆ ಜಾಮ್ ಪೂರ್ತಿ ತೂಗಬೇಕಾದ್ದು ಸುಮಾರು 1300 ಗ್ರಾಂ. ಅಡುಗೆಗೆ ಮೊದಲೇ ಖಾಲಿ ಪಾತ್ರೆಯನ್ನು ಸೌಟಿನ ಜೊತೆ ತೂಗಿ ಬರೆದಿಡಿ. ಅದು 1400 ಗ್ರಾಂ ಇದ್ದರೆ, ತಕ್ಕಡಿ ಒಟ್ಟು 2700 ತೋರಿಸಿದಾಗ ನೀರು ಸರಿಯಾಗಿ ಹೋಗಿದೆ ಅಂತ. ತಕ್ಕಡಿಯ ಮೇಲೆ ಒಂದು ಮರದ ಹಲಗೆ ಇಟ್ಟು, ಅದರ ತೂಕ ಕಳೆದು, ಬಿಸಿ ಪಾತ್ರೆ ಇಡಿ.

ಥರ್ಮಾಮೀಟರ್ ಕೂಡ ಇದನ್ನೇ ಹೇಳುತ್ತದೆ. ಸಕ್ಕರೆ ಗಟ್ಟಿಯಾದಷ್ಟೂ ಕುದಿಯುವ ಬಿಸಿ ಏರುತ್ತದೆ. ಪುಸ್ತಕಗಳಲ್ಲಿ 105 ಡಿಗ್ರಿ ಅಂತ ಇರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. 300 ಮೀಟರ್ ಎತ್ತರಕ್ಕೆ ಹೋದರೆ ನೀರು ಕುದಿಯುವ ಬಿಸಿ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. 900 ಮೀಟರ್ ಎತ್ತರದಲ್ಲಿ ನೀರು 97ಕ್ಕೇ ಕುದಿಯುತ್ತದೆ. ಅಲ್ಲಿ ಜಾಮ್ 102ರ ಹೊತ್ತಿಗೆ ಮುಗಿದಿರುತ್ತದೆ. 105 ಬರಲಿ ಅಂತ ಕಾದರೆ ಆಗುವುದು ಮಿಠಾಯಿ. ಅದಕ್ಕೇ ಮೊದಲು ನಿಮ್ಮ ಒಲೆಯ ಮೇಲೆ ಬರೀ ನೀರು ಕುದಿಸಿ, ನಿಮ್ಮ ಥರ್ಮಾಮೀಟರ್ ಎಷ್ಟು ತೋರಿಸುತ್ತದೆ ನೋಡಿ. ಅದಕ್ಕೆ ನಾಲ್ಕೂವರೆಯಿಂದ ಐದು ಡಿಗ್ರಿ ಕೂಡಿಸಿ. ಹೀಗೆ ಮಾಡಿದರೆ ಥರ್ಮಾಮೀಟರಿನಲ್ಲೇ ಒಂದು ಡಿಗ್ರಿ ತಪ್ಪಿದ್ದರೂ ಅದು ಲೆಕ್ಕದಲ್ಲಿ ಸರಿಹೋಗುತ್ತದೆ. ಕಡ್ಡಿಯ ತುದಿ ಪಾತ್ರೆಯ ತಳಕ್ಕೆ ತಾಗಬಾರದು, ಅಷ್ಟೇ.

ಎರಡನೆಯ ಪ್ರಶ್ನೆಗೆ ತಣ್ಣನೆ ತಟ್ಟೆ. ಮೂರು ಸಣ್ಣ ತಟ್ಟೆಗಳನ್ನು ಮೊದಲೇ ಫ್ರೀಜರಿನಲ್ಲಿಡಿ. ಪರೀಕ್ಷೆ ಮಾಡುವಾಗ ಪಾತ್ರೆಯನ್ನು ಒಲೆಯಿಂದ ಇಳಿಸಲೇಬೇಕು. ನೀವು ತಟ್ಟೆ ನೋಡುತ್ತಿರುವಾಗ ಜಾಮ್ ಕುದಿಯುತ್ತಲೇ ಇದ್ದರೆ ಹದ ದಾಟಿಹೋಗುತ್ತದೆ. ತಟ್ಟೆಗೆ ಒಂದು ಚಮಚ ಜಾಮ್ ಹಾಕಿ ಒಂದು ನಿಮಿಷ ಫ್ರೀಜರಿನಲ್ಲೇ ಬಿಡಿ. ಆಮೇಲೆ ಬೆರಳಿನಿಂದ ಮೆಲ್ಲಗೆ ಮುಂದಕ್ಕೆ ತಳ್ಳಿ. ಬೆರಳಿನ ಮುಂದೆ ಹಾಲಿನ ಕೆನೆ ಮುದುರಿದ ಹಾಗೆ ಸುಕ್ಕು ಕಾಣಬೇಕು. ಬೆರಳು ಎಳೆದ ದಾರಿ ಬಿಳಿಯಾಗಿ ಹಾಗೇ ಉಳಿಯಬೇಕು. ರಸ ಹರಿದು ಬಂದು ದಾರಿ ಮುಚ್ಚಿಕೊಂಡರೆ ಇನ್ನೂ ಆಗಿಲ್ಲ. ಬಿಸಿ ತಟ್ಟೆಯಲ್ಲಾಗಲಿ, ಅವಸರದಲ್ಲಾಗಲಿ ನೋಡಿದರೆ ಈ ಪರೀಕ್ಷೆ ಸುಳ್ಳು ಹೇಳುತ್ತದೆ.

ತೂಕ ಇನ್ನೂ ಜಾಸ್ತಿ ಇದ್ದು ಸುಕ್ಕು ಬರದಿದ್ದರೆ ಕುದಿಸಿ, ಎರಡು ನಿಮಿಷ ಬಿಟ್ಟು ಮತ್ತೆ ನೋಡಿ. ಆದರೆ ತೂಕ 1300ಕ್ಕೆ ಬಂದೂ ಸುಕ್ಕು ಬರಲಿಲ್ಲ ಅಂದರೆ? ಅಲ್ಲಿ ಕೈ ತಡೆಯಬೇಕು. ನೀರಿನದ್ದಲ್ಲ ತೊಂದರೆ, ಹುಳಿ ಅಥವಾ ಪೆಕ್ಟಿನ್ ಸಾಲದು. ಇನ್ನೂ ಕುದಿಸಿದರೆ ಬಿಸಿಗೆ, ಹುಳಿಗೆ ಆ ದಾರಗಳು ತುಂಡು ತುಂಡಾಗುತ್ತವೆ. ನನ್ನ ಸ್ಟ್ರಾಬೆರಿ ಜಾಮಿಗೆ ಆದದ್ದು ಇದೇ. ನಾನು ನಿಂಬೆ ಹಾಕಿರಲಿಲ್ಲ, ಸೇಬೂ ಇರಲಿಲ್ಲ. ಕೂಡದ ಬಲೆಯನ್ನು ಕುದಿಸಿ ಕುದಿಸಿ ಪೂರ್ತಿ ಹರಿದುಹಾಕಿದ್ದೆ.

ಹೀಗಾದಾಗ ಒಂದು ಚಮಚ ನಿಂಬೆರಸ ಸೇರಿಸಿ, ಒಂದೇ ನಿಮಿಷ ಕುದಿ ಬರಿಸಿ, ಎರಡನೆಯ ತಟ್ಟೆ ತೆಗೆಯಿರಿ. ಆಗಲೂ ಹರಿದರೆ ಪೆಕ್ಟಿನ್ ಪುಡಿ ಬೇಕು. ಅದನ್ನು ನೇರವಾಗಿ ಉದುರಿಸಿದರೆ ಗಂಟು ಕಟ್ಟುತ್ತದೆ, ಆ ಗಂಟು ಮತ್ತೆ ಕರಗುವುದಿಲ್ಲ. ಪುಡಿಯ ಐದಾರು ಪಟ್ಟು ಸಕ್ಕರೆಯಲ್ಲಿ ಬೆರೆಸಿ, ತಿರುವುತ್ತಾ ಸ್ವಲ್ಪ ಸ್ವಲ್ಪವೇ ಹಾಕಿ.

ಸುಕ್ಕು ಬಂತು, ತೂಕವೂ ಸರಿ ಇದೆ. ಆದರೂ ತಕ್ಷಣ ತುಂಬಿಸಬೇಡಿ. ನೊರೆ ತೆಗೆದು ಐದು ನಿಮಿಷ ಬಿಟ್ಟು, ಒಮ್ಮೆ ಮೆಲ್ಲಗೆ ತಿರುವಿ. ಇಲ್ಲದಿದ್ದರೆ ಹಣ್ಣಿನ ಹೋಳುಗಳೆಲ್ಲ ಬಾಟಲಿಯಲ್ಲಿ ಮೇಲಕ್ಕೆ ತೇಲುತ್ತವೆ. ಕುದಿನೀರಿನಲ್ಲಿ ಕುದಿಸಿಟ್ಟ ಬಾಟಲಿಗೆ ಬಿಸಿ ಇರುವಾಗಲೇ ತುಂಬಿಸಿ ಮುಚ್ಚಿ. ಆಮೇಲೆ ಮಾರನೆಯ ದಿನದವರೆಗೂ ಓರೆ ಮಾಡಬೇಡಿ, ಅಲುಗಾಡಿಸಬೇಡಿ. ಬಲೆ ಆಗ ತಾನೇ ಕೂಡುತ್ತಿರುತ್ತದೆ.

ನಮಸ್ಕಾರ.